ಕ್ರಿಪ್ಟಿಕ್ ಸುಳಿವನ್ನು ಎಲ್ಲಿ ಸೀಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಸಾಮಾನ್ಯ ಪದಬಂಧಕ್ಕೂ ಕ್ರಿಪ್ಟಿಕ್ ಪದಬಂಧಕ್ಕೂ ಏನು ವ್ಯತ್ಯಾಸ?

ಸಾಮಾನ್ಯ ಪದಬಂಧದ ಸುಳಿವು ಅರ್ಥವನ್ನು ಮಾತ್ರ ಕೊಡುತ್ತದೆ. ‘ಹಣ್ಣು, ಐದು ಅಕ್ಷರ’ ಎಂದರೆ ನೆನಪಿನಿಂದ ಹುಡುಕಿ ತೆಗೆಯಬೇಕು, ಅಡ್ಡ ಬರುವ ಪದಗಳ ಆಸರೆ ಇಲ್ಲದಿದ್ದರೆ ಅದು ಬರೀ ಊಹೆ. ಕ್ರಿಪ್ಟಿಕ್ ಸುಳಿವು ಒಂದೇ ವಾಕ್ಯದೊಳಗೆ ಅದೇ ಉತ್ತರಕ್ಕೆ ಎರಡು ದಾರಿ ಇಟ್ಟಿರುತ್ತದೆ. ಒಂದು ತುದಿಯಲ್ಲಿ ಉತ್ತರದ ನೇರ ಅರ್ಥ ಇರುತ್ತದೆ, ಅದನ್ನು ಇಲ್ಲಿ ಅರ್ಥಭಾಗ ಎನ್ನೋಣ. ಉಳಿದದ್ದು ಆ ಪದದ ಅಕ್ಷರಗಳನ್ನು ಕಟ್ಟುವ ಸೂಚನೆ, ಅದು ಪದದಾಟ. ಎರಡೂ ಒಂದೇ ಉತ್ತರಕ್ಕೆ ಬಂದು ಸೇರಬೇಕು.

ಇದು ಬ್ರಿಟಿಷ್ ಪತ್ರಿಕೆಗಳಲ್ಲಿ 1920ರ ದಶಕದಲ್ಲಿ ಬೆಳೆದ ಆಟ. ಲಂಡನ್ನಿನ ‘ಅಬ್ಸರ್ವರ್’ನಲ್ಲಿ ಟಾರ್ಕ್ವೆಮಾಡ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎಡ್ವರ್ಡ್ ಪೊವಿಸ್ ಮೇದರ್ಸ್ ಇದಕ್ಕೆ ರೂಪ ಕೊಟ್ಟವರಲ್ಲಿ ಮೊದಲಿಗರು. ಕರ್ನಾಟಕದಲ್ಲಿ ಇದರ ರುಚಿ ಹತ್ತಿದವರಿಗೆ ಹೆಚ್ಚಾಗಿ ಅದು ಹತ್ತಿದ್ದು ‘ದಿ ಹಿಂದೂ’ವಿನ ಪುಟದಿಂದ. ಹಾಗಾಗಿ ಕೆಳಗಿನ ಸುಳಿವುಗಳೆಲ್ಲ ಇಂಗ್ಲಿಷಿನವು. ಆದರೆ ಕೆಲವು ಉತ್ತರಗಳು ನಮ್ಮ ಕಡೆಯವೇ. ಕೊನೆಗೆ ಎರಡು ಕನ್ನಡ ಸುಳಿವುಗಳೂ ಇವೆ.

ಅರ್ಥಭಾಗ ಸುಳಿವಿನಲ್ಲಿ ಎಲ್ಲಿರುತ್ತದೆ?

ಮೊದಲಲ್ಲಿ, ಇಲ್ಲವೇ ಕೊನೆಯಲ್ಲಿ. ನಡುವೆ ಇರುವುದೇ ಇಲ್ಲ. ಸುಳಿವು ಬಿಡಿಸುವ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ನಿಯಮ ಬೇರೊಂದಿಲ್ಲ. ಅರ್ಥಭಾಗ ಒಂದೇ ಪದ ಇರಬಹುದು, ಮೂರು ನಾಲ್ಕು ಪದಗಳೂ ಆಗಬಹುದು. ಆದರೆ ಅದು ವಾಕ್ಯದ ಒಂದು ತುದಿಗೆ ಅಂಟಿಕೊಂಡೇ ಇರುತ್ತದೆ.

ಹಾಗಾಗಿ ಹೊಸ ಸುಳಿವು ಕಂಡಕೂಡಲೇ ವಾಕ್ಯದ ಕಥೆಯನ್ನು ಓದಲು ಹೋಗಬೇಡಿ. ಆ ಕಥೆ ನಿಮ್ಮನ್ನು ದಾರಿ ತಪ್ಪಿಸಲಿಕ್ಕೆಂದೇ ಬರೆದದ್ದು. ಮೊದಲ ಪದವನ್ನು ಬೆರಳಿಂದ ಮುಚ್ಚಿ ಉಳಿದದ್ದನ್ನು ನೋಡಿ, ಆಮೇಲೆ ಕೊನೆಯ ಪದವನ್ನು ಮುಚ್ಚಿ ನೋಡಿ. ‘ಇದು ಅರ್ಥವಾಗಿದ್ದರೆ ಉತ್ತರ ನಾಮಪದವೋ ಕ್ರಿಯಾಪದವೋ, ಏಕವಚನವೋ ಬಹುವಚನವೋ’ ಎಂದು ಎರಡೂ ತುದಿಗೆ ಕೇಳಿಕೊಳ್ಳಿ. ಅರ್ಥಭಾಗದ ವ್ಯಾಕರಣ ಉತ್ತರದ ವ್ಯಾಕರಣಕ್ಕೆ ಹೊಂದಲೇಬೇಕು. ಅರ್ಥ ಭೂತಕಾಲದಲ್ಲಿದ್ದರೆ ಉತ್ತರವೂ ಭೂತಕಾಲದ್ದೇ.

ಎರಡು ತುದಿಯೂ ಅರ್ಥದಂತೆ ಕಂಡರೆ ಯಾವುದನ್ನು ಹಿಡಿಯುವುದು?

ಈ ಪುಟ್ಟ ಸುಳಿವನ್ನು ನೋಡಿ. ಕೊನೆಯ ಸಂಖ್ಯೆ ಉತ್ತರದಲ್ಲಿ ಎಷ್ಟು ಅಕ್ಷರ ಎಂಬುದನ್ನು ಹೇಳುತ್ತದೆ.

```
Among crushed fruit (5)
```

ಓದಿದರೆ ‘ಜಜ್ಜಿದ ಹಣ್ಣಿನ ನಡುವೆ’ ಎಂದಾಗುತ್ತದೆ. ಆದರೆ ‘ಕ್ರಷ್ಡ್’ ಎಂಬುದು ಅನಾಗ್ರಾಮ್ ಸೂಚಕ, ಪಕ್ಕದ ಅಕ್ಷರಗಳನ್ನು ಕಲಕು ಎಂಬ ಆಜ್ಞೆ. ಯಾವ ಪಕ್ಕ? ಎಡಗಡೆಯ `AMONG` ಐದು ಅಕ್ಷರ, ಬಲಗಡೆಯ `FRUIT` ಕೂಡ ಐದು ಅಕ್ಷರ. ಉತ್ತರವೂ ಐದೇ. ಎಣಿಕೆಯಿಂದ ತೀರ್ಮಾನವಾಗದು.

ಇಲ್ಲಿ ಸುಳಿವನ್ನು ಎರಡು ಕಡೆ ಸೀಳಿ ನೋಡಬೇಕು. ‘ಕ್ರಷ್ಡ್’ ಪದದ ಮುಂಚೆ ಸೀಳಿದರೆ, `FRUIT` ಅನ್ನು ಕಲಕಿ ‘ನಡುವೆ’ ಎಂಬ ಅರ್ಥದ ಪದ ತೆಗೆಯಬೇಕು. ಅಂಥ ಪದವಿಲ್ಲ. ನಂತರ ಸೀಳಿದರೆ, `AMONG` ಅನ್ನು ಕಲಕಿ ಹಣ್ಣಿನ ಹೆಸರು ತೆಗೆಯಬೇಕು. `MANGO` ಬಂತು. ವಾಕ್ಯದಲ್ಲಿ ‘ಕ್ರಷ್ಡ್ ಫ್ರೂಟ್’ ಎಂಬುದು ಎಷ್ಟು ಸಹಜ ಜೋಡಿ ಎಂದರೆ ಕಣ್ಣು ಅದನ್ನು ಬಿಡಿಸಲು ಒಪ್ಪುವುದಿಲ್ಲ. ಸೀಳು ಇರುವುದು ಸರಿಯಾಗಿ ಅಲ್ಲೇ. ಯಾವ ಎರಡು ಪದ ಬೇರ್ಪಡಿಸಲಾಗದಂತೆ ಅಂಟಿಕೊಂಡಿವೆ ಅನಿಸುತ್ತದೋ ಮೊದಲು ಅವುಗಳ ನಡುವೆಯೇ ಗೆರೆ ಎಳೆದು ನೋಡಿ. ಸುಳಿವು ಹೆಣೆಯುವ ಒಳ್ಳೆಯ ಸೆಟ್ಟರ್ ತನ್ನ ಬೆಸುಗೆಯನ್ನು ಮುಚ್ಚಿಡುವುದು ಅಲ್ಲಿಯೇ.

ಒಂದು ಪದ ಅನಾಗ್ರಾಮ್ ಸೂಚಕ ಎಂದು ಗುರುತಿಸುವುದು ಹೇಗೆ?

ಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ಸೂಚಕವಾಗಬಲ್ಲ ಪದಗಳು ನೂರಾರು ಇವೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ಪದ ಹೇಳಿದ್ದನ್ನು ಒಂದು ವಸ್ತುವಿಗೆ ಮಾಡಿದರೆ ಅದರ ಭಾಗಗಳು ಇದ್ದ ಜಾಗದಲ್ಲೇ ಉಳಿಯುತ್ತವೆಯೇ? ಉಳಿಯುವುದಿಲ್ಲ ಎಂದಾದರೆ ಅದು ಸೂಚಕ ಆಗಬಹುದು. ಬ್ರೋಕನ್, ಸ್ಮ್ಯಾಶ್ಡ್, ರೆಕ್ಡ್ ಒಡೆಯುವ ಪದಗಳು. ಡ್ರಂಕ್, ಕ್ರೇಜಿ, ವೈಲ್ಡ್ ಸ್ಥಿಮಿತ ತಪ್ಪಿದ ಪದಗಳು. ಕುಕ್ಡ್, ಸ್ಟರ್ಡ್, ಮಿಕ್ಸ್‌ಡ್ ಅಡುಗೆಮನೆಯವು. ಡ್ಯಾನ್ಸಿಂಗ್, ಶೇಕನ್ ಅಲುಗಾಟದವು. ಅರೇಂಜ್ಡ್, ಆರ್ಗನೈಸ್ಡ್, ರಿಪೇರ್ಡ್ ಮುಂತಾದವು ಸರಿಪಡಿಸುವ ಪದಗಳು, ಹೊಸಬರು ತಪ್ಪಿಸಿಕೊಳ್ಳುವುದು ಇವುಗಳಲ್ಲೇ. ಕೆಟ್ಟದ್ದು ಮಾತ್ರ ಸೂಚಕ ಎಂದುಕೊಂಡಿರುತ್ತಾರೆ. ಜೋಡಿಸಿಡುವುದೂ ಜಾಗ ಬದಲಿಸುವುದೇ.

ಅತ್ಯಂತ ಜಾಣತನದ ಸೂಚಕವೆಂದರೆ ವಾಕ್ಯದಲ್ಲಿ ಬೇರೆ ಅರ್ಥ ಹೊತ್ತು ಬರುವಂಥದ್ದು. ‘ನಾವೆಲ್’ ಎಂದರೆ ಓದುವಾಗ ಕಾದಂಬರಿ, ಪದದಾಟದಲ್ಲಿ ‘ಹೊಸ ಬಗೆಯ’. ಅಂದರೆ ಅಕ್ಷರಗಳನ್ನು ಹೊಸ ಬಗೆಯಲ್ಲಿ ಇಡು.

ಸೂಚಕ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೂ ಇಂಗ್ಲಿಷ್ ವ್ಯಾಕರಣವೇ ದಾರಿ. ವಿಶೇಷಣ ಸಾಮಾನ್ಯವಾಗಿ ಕಲಕಬೇಕಾದ ಪದದ ಹಿಂದೆ ಅಥವಾ ಮುಂದೆ, ಆಜ್ಞಾರೂಪದ ಕ್ರಿಯಾಪದ ಮೊದಲಲ್ಲಿ, ‘ಅರೇಂಜ್ಡ್’ನಂಥ ಕೃದಂತ ಬಹುತೇಕ ನಂತರ. ಆದರೆ ಯಾವಾಗಲೂ ಪಕ್ಕದಲ್ಲೇ. ಸೂಚಕಕ್ಕೂ ಕಲಕಬೇಕಾದ ಅಕ್ಷರಗಳಿಗೂ ನಡುವೆ ಸಂಬಂಧವಿಲ್ಲದ ಪದ ತೂರಿಕೊಂಡಿದ್ದರೆ ನೀವು ಊಹಿಸಿದ ಸೂಚಕ ತಪ್ಪು.

ಸೂಚಕ ಸಿಕ್ಕಿತು. ಮುಂದೇನು?

ಎಣಿಸಿ. ಕಲಕಬೇಕಾದ ಅಕ್ಷರಗಳನ್ನು ಆಟಗಾರರು ಫಾಡರ್ ಎನ್ನುತ್ತಾರೆ, ಕನ್ನಡದಲ್ಲಿ ಮೇವು ಎಂದರೆ ಸರಿಹೋಗುತ್ತದೆ. ಒಂದು ಸುಳಿವನ್ನು ಪೂರ್ತಿ ಬಿಡಿಸೋಣ.

```
Barge loan arranged for city, formerly (9)
```

ಕಥೆ ದೋಣಿಯ ಸಾಲದ್ದು. ಅದನ್ನು ಬಿಡಿ. ‘ಅರೇಂಜ್ಡ್’ ಸೂಚಕದಂತೆ ಕಾಣುತ್ತದೆ. ಬೇಕಾದ್ದು ಒಂಬತ್ತು ಅಕ್ಷರ. ಬಲಗಡೆಗೆ ಎಣಿಸಿದರೆ `FOR` ಮೂರು, `CITY` ಸೇರಿಸಿದರೆ ಏಳು, `FORMERLY` ಸೇರಿಸಿದರೆ ಹದಿನೈದು. ಒಂಬತ್ತು ಎಲ್ಲೂ ಬರಲಿಲ್ಲ. ಎಡಗಡೆಗೆ `LOAN` ನಾಲ್ಕು, `BARGE` ಐದು, ಒಟ್ಟು ಒಂಬತ್ತು. ಮೇವು ಸಿಕ್ಕಿತು.

ಈಗ ಅರ್ಥಭಾಗ ತಾನಾಗಿ ಬೇರ್ಪಟ್ಟಿತು. ಎಡತುದಿ ಮೇವಿಗೆ ಹೋದ್ದರಿಂದ ಅರ್ಥ ಬಲತುದಿಯದ್ದೇ ಆಗಬೇಕು. ‘ಫಾರ್’ ಎರಡನ್ನೂ ಜೋಡಿಸುವ ಕೊಂಡಿ ಪದ, ಮೇವನ್ನು ಜೋಡಿಸಿದ್ದು ಯಾವುದಕ್ಕಾಗಿ ಎಂದು ಹೇಳುತ್ತದೆ. ಉಳಿದದ್ದು ‘ಸಿಟಿ, ಫಾರ್ಮರ್ಲಿ’.

ಅಕ್ಷರಗಳನ್ನು ಮೂಲದ ಸಾಲಿನಲ್ಲೇ ಬರೆದುಕೊಂಡರೆ `BARGE` ಎಂಬ ಪದವೇ ಕಣ್ಣಿಗೆ ಕಾಣುತ್ತಿರುತ್ತದೆ, ಹೊಸದು ಹೊಳೆಯುವುದಿಲ್ಲ. ಆದ್ದರಿಂದ ಸ್ವರ ಒಂದು ಕಡೆ, ವ್ಯಂಜನ ಒಂದು ಕಡೆ ಬರೆಯಿರಿ, ಅಥವಾ ಎಲ್ಲವನ್ನೂ ವೃತ್ತದಲ್ಲಿ ಚೆದುರಿಸಿ.

```
A A E O   B G L N R
```

ಒಂಬತ್ತು ಅಕ್ಷರದ ನಗರ, ಎರಡು `A`, ಒಂದು `B`. ಉತ್ತರ `BANGALORE`. ‘ಫಾರ್ಮರ್ಲಿ’ ಪದ ಸುಮ್ಮನೆ ಕೂತಿಲ್ಲ. 2014ರ ನವೆಂಬರ್ 1ರಿಂದ ಊರಿನ ಅಧಿಕೃತ ಇಂಗ್ಲಿಷ್ ಹೆಸರು ಬೆಂಗಳೂರು ಎಂದೇ ಆಗಿರುವುದರಿಂದ ಹಳೆಯ ಹೆಸರಿಗೆ ‘ಹಿಂದೆ’ ಎಂಬ ಮಾತು ಬೇಕು. ನಿಮ್ಮ ಬಿಡಿಸುವಿಕೆಯಲ್ಲಿ ಒಂದು ಪದ ಕೆಲಸವಿಲ್ಲದೆ ಮಿಕ್ಕಿದರೆ ಎಲ್ಲೋ ತಪ್ಪಿದ್ದೀರಿ ಎಂದೇ ಅರ್ಥ. ಉತ್ತರ ಗ್ರಿಡ್ಡಿಗೆ ತುಂಬುವ ಮೊದಲು ಮೇವಿನ ಪ್ರತಿ ಅಕ್ಷರವನ್ನೂ ಒಂದೊಂದಾಗಿ ಹೊಡೆದುಹಾಕಿ ತಾಳೆ ನೋಡಿ. ಹೊಳೆದ ಖುಷಿಯಲ್ಲಿ ಎರಡು `A` ಇದ್ದಲ್ಲಿ ಮೂರು ಬಳಸಿಬಿಡುವುದು ಅನುಭವಿಗಳಿಗೂ ಆಗುತ್ತದೆ.

ಒಂದೇ ಸುಳಿವಿನಲ್ಲಿ ಎರಡು ಸೂಚಕ ಕಂಡರೆ?

ಒಂದು ನಿಜ, ಒಂದು ಬಲೆ.

```
Am hip, oddly, in ruined capital (5)
```

‘ರೂಯಿನ್ಡ್’ ಎಂಬ ಪದ ಅನಾಗ್ರಾಮ್ ಅನ್ನು ಕೂಗಿ ಕರೆಯುತ್ತಿದೆ. ಆದರೆ ಅದರ ಪಕ್ಕದ `CAPITAL` ಏಳು ಅಕ್ಷರ, ಬೇಕಾದ್ದು ಐದು. ಅಲ್ಲಿಗೆ ಅದು ಬಿತ್ತು. ಇನ್ನು ‘ಆಡ್ಲಿ’. ಇದಕ್ಕೆ ಎರಡು ಕೆಲಸ ಇದೆ. ಒಂದು, ವಿಚಿತ್ರವಾಗಿ ಕಲಕು. ಇನ್ನೊಂದು, ಬೆಸ ಸ್ಥಾನದ ಅಕ್ಷರ ಮಾತ್ರ ತೆಗೆದುಕೋ. ಬೆಸ ಸ್ಥಾನದವು `A`, `H`, `P`, ಮೂರೇ ಆದವು. ಕಲಕುವುದಾದರೆ `AM` ಎರಡು, `HIP` ಮೂರು, ಒಟ್ಟು ಐದು. ಉತ್ತರ `HAMPI`.

ಹಾಗಾದರೆ ‘ರೂಯಿನ್ಡ್’ ಅರ್ಥಭಾಗಕ್ಕೆ ಸೇರಿದ್ದು. ವಿಜಯನಗರದ ಹಾಳಾದ ರಾಜಧಾನಿ, ಅಕ್ಷರಶಃ ನಿಜ. ಅರ್ಥಭಾಗದೊಳಗೆ ಸೂಚಕದಂಥ ಪದ ಬರುವುದು ಬಹಳ ಸಾಮಾನ್ಯ. ಅದನ್ನು ತಡೆಯುವ ಸಾಧನ ಎಣಿಕೆ ಒಂದೇ. ಅಕ್ಷರಸಂಖ್ಯೆ ಹೊಂದದ ಮೇವನ್ನು ಕಲಕಲು ಕೂರಬೇಡಿ, ಅರ್ಧ ಗಂಟೆ ಹೋಗುವುದು ಅಲ್ಲೇ.

‘ಡಾಕ್ಟರ್’ ಪದ ಇದ್ದರೆ ಅನಾಗ್ರಾಮ್ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಕ್ರಿಯಾಪದವಾಗಿ ಅದು ‘ತಿದ್ದು, ತಿರುಚು’ ಎಂಬ ಸೂಚಕ. ನಾಮಪದವಾಗಿ `DR`, `MO`, `GP`, `MB` ಎಂಬ ಸಂಕ್ಷಿಪ್ತ ರೂಪಗಳಲ್ಲಿ ಒಂದು.

```
Doctor at the stern gives first version (5)
```

`STERN` ಐದು ಅಕ್ಷರ ಇರುವುದರಿಂದ ಅದನ್ನು ಕಲಕುವ ಆಸೆ ಹುಟ್ಟುತ್ತದೆ. `TERNS`, `RENTS` ಬರುತ್ತವೆ, ‘ಮೊದಲ ಕರಡು’ ಎಂಬ ಅರ್ಥಕ್ಕೆ ಯಾವುದೂ ಹೊಂದದು. ಅಲ್ಲದೆ ಸೂಚಕಕ್ಕೂ ಮೇವಿಗೂ ನಡುವೆ `AT THE` ಕೂತಿದೆ. ಇದು ಕಲಕುವ ಸುಳಿವಲ್ಲ, ಜೋಡಿಸುವ ಸುಳಿವು. ಡಾಕ್ಟರ್ ಎಂದರೆ `DR`, ಹಡಗಿನ ಹಿಂಬದಿಯಲ್ಲಿ ಎಂದರೆ `AFT`. ಸೇರಿಸಿದರೆ `DRAFT`. ‘ಎಬೌಟ್’, ‘ಔಟ್’, ‘ಆಫ್’ ಕೂಡ ಇದೇ ರೀತಿ ಹಲವು ವೇಷದವು.

ಮೇವಿನಲ್ಲಿ ಒಂದೆರಡು ಅಕ್ಷರ ಕಡಿಮೆ ಬೀಳುತ್ತಿದೆ. ಏನು ಮಾಡುವುದು?

ಕಡಿಮೆ ಬಿದ್ದದ್ದು ಸಂಕ್ಷಿಪ್ತ ರೂಪದಲ್ಲಿ ಪಕ್ಕದಲ್ಲೇ ಇದೆಯೇ ನೋಡಿ.

```
Strange tale about right warning (5)
```

‘ಸ್ಟ್ರೇಂಜ್’ ಸೂಚಕ, `TALE` ಮೇವು. ಆದರೆ ನಾಲ್ಕೇ ಅಕ್ಷರ. ಐದನೆಯದು ‘ರೈಟ್’ ಕೊಡುವ `R`, ಬಲ ಎಂಬುದರ ಸಂಕ್ಷೇಪ. `TALE` ಮತ್ತು `R` ಸೇರಿಸಿ ಕಲಕಿದರೆ `ALTER`, `LATER`, `ALERT` ಮೂರೂ ಬರುತ್ತವೆ. ಇಲ್ಲಿ ಸುಳಿವನ್ನು ಪದಪದವಾಗಿ ಪಾಲಿಸುವವರಿಗೆ ಗೆಲುವು. ‘ಎಬೌಟ್’ ಎಂದರೆ ಸುತ್ತ, ಕಲಕಿದ `TALE` ಆ `R` ಅನ್ನು ಸುತ್ತುವರಿಯಬೇಕು. `ALTER`, `LATER` ಎರಡರಲ್ಲೂ `R` ಕೊನೆಯಲ್ಲಿದೆ, ಯಾರೂ ಅದನ್ನು ಸುತ್ತಿಲ್ಲ. `ALERT`ನಲ್ಲಿ ಮಾತ್ರ `ALE` ಮತ್ತು `T` ನಡುವೆ `R` ಕೂತಿದೆ, ಅರ್ಥವೂ ‘ಎಚ್ಚರಿಕೆ’. ಪದದಾಟ ಒಂದು ಕಡೆಯಿಂದ, ಅರ್ಥ ಇನ್ನೊಂದು ಕಡೆಯಿಂದ ಒಂದೇ ಪದವನ್ನು ತೋರಿಸುತ್ತಿವೆ.

ಒಂದು ಪದದ ಸಮಾನಾರ್ಥಕವನ್ನು ಹುಡುಕಿ ಅದನ್ನು ಕಲಕಬೇಕಾಗುತ್ತದೆಯೇ?

ಇಲ್ಲ. ಕಲಕಬೇಕಾದ ಅಕ್ಷರಗಳು ಸುಳಿವಿನಲ್ಲಿ ಕಣ್ಣೆದುರೇ ಅಚ್ಚಾಗಿರಬೇಕು ಎಂಬುದು ನ್ಯಾಯವಾದ ಸೆಟ್ಟರ್‌ಗಳೆಲ್ಲ ಪಾಲಿಸುವ ನಿಯಮ. ಮೇಲಿನ `R`ನಂತಹ ಎಲ್ಲರಿಗೂ ಗೊತ್ತಿರುವ ಸಂಕ್ಷೇಪಕ್ಕಷ್ಟೇ ರಿಯಾಯಿತಿ. ಹಣ್ಣು ಎಂದಿದ್ದರೆ ಯಾವ ಹಣ್ಣೋ ಊಹಿಸಿ ಕಲಕುವುದು ಬಿಡಿಸುವವರ ಮೇಲೆ ಅನ್ಯಾಯ. ‘ಅಬ್ಸರ್ವರ್’ನಲ್ಲಿ ಜಿಮೆನೀಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಿ. ಎಸ್. ಮ್ಯಾಕ್ನಟ್ 1966ರಲ್ಲಿ ಇಂಥ ನ್ಯಾಯದ ನಿಯಮಗಳನ್ನು ಪುಸ್ತಕವಾಗಿ ಬರೆದರು. ಇಂದಿಗೂ ‘ಜಿಮೆನಿಯನ್’ ಎಂದರೆ ಕಟ್ಟುನಿಟ್ಟಿನ ಸುಳಿವು ಎಂದರ್ಥ.

ಅಲ್ಪವಿರಾಮ, ದೊಡ್ಡಕ್ಷರಗಳನ್ನು ಗಮನಿಸಬೇಕೇ?

ವಿರಾಮಚಿಹ್ನೆಗಳನ್ನು ಇಲ್ಲವೆಂದೇ ಭಾವಿಸಿ, ಅವು ಕಥೆಗೆ ಸೇರಿದವು. ಅನಗತ್ಯ ದೊಡ್ಡಕ್ಷರ ಹಾಕಿ ಸಾಮಾನ್ಯ ಪದವನ್ನು ಹೆಸರಿನಂತೆ ತೋರಿಸುವುದಕ್ಕೆ ಸೆಟ್ಟರ್‌ಗೆ ಅನುಮತಿಯಿದೆ. ಬೇಕಾದ ದೊಡ್ಡಕ್ಷರವನ್ನು ತೆಗೆಯುವುದನ್ನು ಬಹಳ ಮಂದಿ ಒಪ್ಪುವುದಿಲ್ಲ. ಮುಖ್ಯವಾಗಿ ಗಮನಿಸಬೇಕಾದ ಚಿಹ್ನೆಗಳು ಎರಡು. ಕೊನೆಯ ಪ್ರಶ್ನಾರ್ಥಕ ಚಿಹ್ನೆ ‘ಅರ್ಥ ಸ್ವಲ್ಪ ಓರೆಯಾಗಿದೆ’ ಎನ್ನುತ್ತದೆ. ಇನ್ನೊಂದು `'S`: ಓದುವಾಗ ‘ಅವನ’, ‘ಅದರ’ ಎನಿಸಿದರೂ ಬಿಡಿಸುವಾಗ ಅದು ‘ಈಸ್’ ಆಗಿ ಪದದಾಟವನ್ನೂ ಅರ್ಥವನ್ನೂ ಜೋಡಿಸುವ ಕೊಂಡಿಯಾಗಿರಬಹುದು. ಅಂದರೆ ಸೀಳು ಅಲ್ಲೇ.

ಸೂಚಕವೇ ಕಾಣುತ್ತಿಲ್ಲವಲ್ಲ?

ಎಲ್ಲ ಸುಳಿವೂ ಅನಾಗ್ರಾಮ್ ಅಲ್ಲ. ಆಗಲೂ ಸೀಳುವ ಕ್ರಮ ಬದಲಾಗುವುದಿಲ್ಲ.

```
Root found in Mandya market (3)
```

ಅರ್ಥ ಎಡತುದಿಯಲ್ಲಿ, ‘ರೂಟ್’, ಗೆಡ್ಡೆ. ‘ಫೌಂಡ್ ಇನ್’ ಎಂದರೆ ಉತ್ತರ ಮುಂದಿನ ಅಕ್ಷರಗಳಲ್ಲಿ ಸಾಲಾಗಿ ಅಡಗಿದೆ. `mandYA Market`, ಉತ್ತರ `YAM`. ಕಲಕುವ ಪ್ರಶ್ನೆಯೇ ಇಲ್ಲ, ಅಕ್ಷರಗಳು ಇದ್ದ ಕ್ರಮದಲ್ಲೇ ಇವೆ.

```
Season to jump (6)
```

ಇದರಲ್ಲಿ ಪದದಾಟವೂ ಇಲ್ಲ. ಎರಡು ತುದಿಯೂ ಅರ್ಥವೇ: ಋತು ಮತ್ತು ಜಿಗಿ, ಎರಡಕ್ಕೂ `SPRING`. ಸುಳಿವು ಎರಡು ಮೂರು ಪದಕ್ಕಿಂತ ಉದ್ದವಿಲ್ಲದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಇಡೀ ವಾಕ್ಯವೇ ಅರ್ಥವೂ ಪದದಾಟವೂ ಆಗಿರುವ ಬಗೆಯೊಂದಿದೆ, ಅಲ್ಲಿ ಸೀಳಲು ಜಾಗವೇ ಇರುವುದಿಲ್ಲ. ಅದು ಅಪರೂಪ. ಉಳಿದ ದಾರಿಗಳೆಲ್ಲ ಮುಚ್ಚಿದ ಮೇಲೆ ಯೋಚಿಸಿದರೆ ಸಾಕು.

ಕನ್ನಡದಲ್ಲಿ ಇಂಥ ಸುಳಿವು ಬರೆಯಬಹುದೇ?

ಬರೆಯಬಹುದು, ಆದರೆ ಘಟಕ ಬದಲಾಗುತ್ತದೆ. ನಮ್ಮ ಪದಬಂಧದ ಚೌಕದಲ್ಲಿ ಕೂರುವುದು ಗುಣಿತಾಕ್ಷರ. ‘ದಿ’ಯಿಂದ ಇಕಾರವನ್ನು ಬೇರ್ಪಡಿಸಿ ಬೇರೆಡೆ ಹಚ್ಚುವಂತಿಲ್ಲ, ಇಡಿಯಾಗಿಯೇ ಜಾಗ ಬದಲಿಸಬೇಕು. ಹಾಗಾಗಿ ಕಲಕಿದರೆ ಇನ್ನೊಂದು ಅರ್ಥವುಳ್ಳ ಪದ ಸಿಗುವುದು ಇಂಗ್ಲಿಷಿಗಿಂತ ಬಹಳ ಕಡಿಮೆ. ಸಿಕ್ಕಾಗ ಸೊಗಸು:

ಕದಡಿದ ಮದನ, ನಿಗ್ರಹ (3)

‘ಕದಡಿದ’ ಸೂಚಕ, ‘ಮದನ’ ಮೇವು, ‘ನಿಗ್ರಹ’ ಅರ್ಥ. ಉತ್ತರ ‘ದಮನ’. ತಿರುವುಮುರುವಿನ ಬಗೆಯೂ ಸಾಧ್ಯ:

ಹಿಂದಕ್ಕೆ ಹರಿದ ನದಿ ಇಪ್ಪತ್ತನಾಲ್ಕು ಗಂಟೆ (2)

‘ನದಿ’ಯನ್ನು ಹಿಂದಕ್ಕೆ ಓದಿದರೆ ‘ದಿನ’.

ನಿಜವಾದ ತೊಡಕು ವಿಭಕ್ತಿಯದು. ಇಂಗ್ಲಿಷಿನಲ್ಲಿ ಪದ ವಾಕ್ಯದ ಎಲ್ಲಿ ಕೂತರೂ ಹೆಚ್ಚಾಗಿ ತನ್ನ ರೂಪ ಬಿಡುವುದಿಲ್ಲ, ಅದರಿಂದಲೇ ‘ಕ್ರಷ್ಡ್ ಫ್ರೂಟ್’ನ ಬೆಸುಗೆ ಕಾಣದಂತೆ ಮುಚ್ಚಲು ಆಗುವುದು. ಕನ್ನಡದಲ್ಲಿ ‘ಮದನನ’, ‘ಮದನನನ್ನು’ ಎಂದು ಪ್ರತ್ಯಯ ಹಚ್ಚಿದ ಕೂಡಲೇ ಮೇವಿನ ಅಕ್ಷರಸಂಖ್ಯೆ ಕೆಡುತ್ತದೆ, ಹಚ್ಚದಿದ್ದರೆ ವಾಕ್ಯ ಕುಂಟುತ್ತದೆ. ಆದ್ದರಿಂದ ಕನ್ನಡದ ಸೆಟ್ಟರ್ ಮೇವನ್ನು ಪ್ರಥಮಾ ವಿಭಕ್ತಿಯಲ್ಲಿ, ಕರ್ತೃವಿನ ಸ್ಥಾನದಲ್ಲಿ ಇಡಬೇಕು. ‘ಹರಿದ ನದಿ’ಯಲ್ಲಿ ನದಿ ನಿಂತಿರುವುದು ಹಾಗೆಯೇ. ಬಿಡಿಸುವವರಿಗೆ ಇದೇ ಅನುಕೂಲ. ಕನ್ನಡ ಸುಳಿವಿನಲ್ಲಿ ಪ್ರತ್ಯಯವಿಲ್ಲದೆ ಬೋಳಾಗಿ ನಿಂತ ಪದ ಕಂಡರೆ ಮೊದಲು ಅದರ ಅಕ್ಷರ ಎಣಿಸಿ.